ಎರಡನೇ ಪಿನ್ನಿನ ಸೊನ್ನೆ

741 ಆಪ್-ಆಂಪ್ ಹಾಕಿ ಕಟ್ಟಿದ ಇನ್‌ವರ್ಟಿಂಗ್ ಆಂಪ್ಲಿಫೈಯರ್ ಬ್ರೆಡ್‌ಬೋರ್ಡ್ ಮೇಲಿದೆ. ಇನ್‌ಪುಟ್‌ಗೆ 1 ವೋಲ್ಟ್ ಕೊಟ್ಟರೆ ಔಟ್‌ಪುಟ್‌ನಲ್ಲಿ ಮೈನಸ್ 10 ವೋಲ್ಟ್ ಸಿಗುತ್ತದೆ. 3ನೇ ಪಿನ್ನು ಗ್ರೌಂಡ್‌ಗೆ ಸೇರಿದೆ. 2ನೇ ಪಿನ್ನು ಯಾವ ಗ್ರೌಂಡಿಗೂ ಸೇರಿಲ್ಲ, ಆದರೂ ಮಲ್ಟಿಮೀಟರ್ ಹಿಡಿದರೆ ಅಲ್ಲಿಯೂ ಹೆಚ್ಚುಕಡಿಮೆ ಸೊನ್ನೆ. ಪಾಠದಲ್ಲಿ ಇದಕ್ಕೆ ವರ್ಚುಯಲ್ ಶಾರ್ಟ್ ಎಂದು ಹೆಸರು. ಆಗ ಯಾವುದೋ ಬೆಂಚಿನಿಂದ ಪ್ರಶ್ನೆ ಬರುತ್ತದೆ: "ಎರಡಕ್ಕೂ ಒಂದು ತಂತಿ ಹಾಕಿಬಿಟ್ಟರೆ ಆಗಲ್ವಾ ಸಾರ್?"

ಹಾಕಿ ನೋಡುವುದೇ ಒಳ್ಳೆಯದು. ತಂತಿ ಬಿದ್ದ ಕೂಡಲೇ ಔಟ್‌ಪುಟ್ ಮೈನಸ್ 10ನ್ನು ಬಿಟ್ಟು ಯಾವುದೋ ಒಂದು ಅಂಚಿಗೆ, ಸುಮಾರು 14 ವೋಲ್ಟ್‌ಗೆ, ಹೋಗಿ ಅಂಟಿಕೊಳ್ಳುತ್ತದೆ. ಪ್ಲಸ್‌ಗೋ ಮೈನಸ್‌ಗೋ ಎಂಬುದು ಆ ಚಿಪ್ಪಿನ ಸಣ್ಣ ಆಂತರಿಕ ಕೊರತೆಯನ್ನು ಅವಲಂಬಿಸಿದೆ. ಅಂದರೆ ಆ ಸೊನ್ನೆ ತಂತಿಯಿಂದ ಬರುವಂಥದ್ದಲ್ಲ. ಅದನ್ನು ಔಟ್‌ಪುಟ್ ದುಡಿದು ಉಳಿಸಿಕೊಂಡಿರುತ್ತದೆ.

ಹೇಗೆ ದುಡಿಯುತ್ತದೆ? ಈ ಸರ್ಕ್ಯೂಟಿನಲ್ಲಿ ಇನ್‌ಪುಟ್‌ನಿಂದ 2ನೇ ಪಿನ್ನಿಗೆ 1 ಕಿಲೋಓಮ್, ಔಟ್‌ಪುಟ್‌ನಿಂದ ಅದೇ ಪಿನ್ನಿಗೆ 10 ಕಿಲೋಓಮ್ ರೆಸಿಸ್ಟರ್ ಇದೆ. ಎರಡೂ ಕಡೆಯ ಎಳೆತದ ನಡುವೆ ಸಿಕ್ಕ ಈ ಪಿನ್ನಿನ ವೋಲ್ಟೇಜ್ ಹೀಗಿರುತ್ತದೆ:

```
V2 = (10·Vin + Vout) / 11
```

ಇನ್‌ಪುಟ್ ಸೊನ್ನೆಯಿಂದ ತಟ್ಟನೆ 1 ವೋಲ್ಟ್‌ಗೆ ಏರಿತು ಎಂದುಕೊಳ್ಳೋಣ. ಔಟ್‌ಪುಟ್ ಇನ್ನೂ ಅಲುಗಾಡಿಲ್ಲ, ಸೊನ್ನೆಯಲ್ಲೇ ಇದೆ. ಆ ಕ್ಷಣ 2ನೇ ಪಿನ್ನಿನಲ್ಲಿ 0.91 ವೋಲ್ಟ್! ವರ್ಚುಯಲ್ ಶಾರ್ಟ್ ಅಲ್ಲಿ ಇಲ್ಲವೇ ಇಲ್ಲ. ಪಾಠಪುಸ್ತಕಗಳು ಹಾರಿಬಿಡುವ ಈ ಕ್ಷಣದಲ್ಲೇ ಇಡೀ ವಿಷಯ ಅಡಗಿದೆ. ಮೈನಸ್ ಇನ್‌ಪುಟ್ ಮೇಲಿದೆ ಎಂದು ಕಂಡ ಆಪ್-ಆಂಪ್ ಔಟ್‌ಪುಟ್ಟನ್ನು ಕೆಳಕ್ಕೆ ಇಳಿಸತೊಡಗುತ್ತದೆ. 741ರ ಓಟ ಮೈಕ್ರೋಸೆಕೆಂಡಿಗೆ ಸುಮಾರು ಅರ್ಧ ವೋಲ್ಟ್. ಔಟ್‌ಪುಟ್ ಮೈನಸ್ 5 ತಲುಪುವ ಹೊತ್ತಿಗೆ 2ನೇ ಪಿನ್ನು 0.45ಕ್ಕೆ ಇಳಿದಿರುತ್ತದೆ. ಸುಮಾರು 20 ಮೈಕ್ರೋಸೆಕೆಂಡ್‌ಗೆ ಔಟ್‌ಪುಟ್ ಮೈನಸ್ 10ರ ಹತ್ತಿರ ಬಂದಾಗ ಪಿನ್ನು ಸೊನ್ನೆಗೆ ಬಂದಿರುತ್ತದೆ. ಇನ್ನೂ ಕೆಳಗಿಳಿದು ಮೈನಸ್ 10.5 ಆಯಿತು ಎನ್ನಿ. ಪಿನ್ನು ಸೊನ್ನೆಗಿಂತ ಕೆಳಗೆ ಜಾರುತ್ತದೆ, ಆಪ್-ಆಂಪ್ ಔಟ್‌ಪುಟ್ಟನ್ನು ಮೇಲಕ್ಕೆತ್ತುತ್ತದೆ. ಎತ್ತ ತಪ್ಪಿದರೂ ತಪ್ಪನ್ನು ಕಡಿಮೆ ಮಾಡುವ ದಿಕ್ಕಿಗೇ ಔಟ್‌ಪುಟ್ ತಿರುಗುವುದರಿಂದ ಅದು ಅಲ್ಲೇ ನೆಲೆ ನಿಲ್ಲುತ್ತದೆ. ನೆಗೆಟಿವ್ ಫೀಡ್‌ಬ್ಯಾಕ್ ಎಂದರೆ ಇದೇ.

ಪೂರ್ತಿ ಸೊನ್ನೆಯಾಗುವುದಿಲ್ಲ. 741ರ ಗೇನ್ ಸುಮಾರು 2 ಲಕ್ಷ. 10 ವೋಲ್ಟ್ ಹೊರಡಿಸಲು ಎರಡು ಇನ್‌ಪುಟ್‌ಗಳ ನಡುವೆ 50 ಮೈಕ್ರೋವೋಲ್ಟ್ ಅಂತರ ಉಳಿಯಲೇಬೇಕು. ಆ ಅಂತರವೇ ಔಟ್‌ಪುಟ್ಟನ್ನು ಹಿಡಿದು ನಿಲ್ಲಿಸಿರುವುದು. ಚಿಪ್ಪಿನ ಆಂತರಿಕ ಕೊರತೆ ಇದಕ್ಕೆ ಸುಮಾರು ಒಂದು ಮಿಲಿವೋಲ್ಟ್ ಸೇರಿಸುತ್ತದೆ. ಪ್ರಯೋಗಾಲಯದ ಮೀಟರಿಗೆ ಇವೆರಡೂ ಸೊನ್ನೆಯಂತೆಯೇ ಕಾಣುತ್ತವೆ.

ಈಗ 2 ಮತ್ತು 3ನೇ ಪಿನ್ನುಗಳನ್ನು ಅದಲುಬದಲು ಮಾಡಿ. ಎರಡೂ ಇನ್‌ಪುಟ್ ಸಮ ಎಂದು ಬರೆದುಕೊಂಡು ಲೆಕ್ಕ ಮಾಡಿದರೆ ಉತ್ತರ ಮತ್ತೆ ಮೈನಸ್ 10 ಎಂದೇ ಬರುತ್ತದೆ, ಏಕೆಂದರೆ ಸಮೀಕರಣಕ್ಕೆ ಯಾವುದು ಪ್ಲಸ್, ಯಾವುದು ಮೈನಸ್ ಎಂಬ ಅರಿವಿಲ್ಲ. ಸರ್ಕ್ಯೂಟಿಗೆ ಅದು ಗೊತ್ತು. ಪ್ಲಸ್ ಇನ್‌ಪುಟ್‌ನಲ್ಲಿ 0.91 ವೋಲ್ಟ್ ಕಂಡ ಆಪ್-ಆಂಪ್ ಔಟ್‌ಪುಟ್ಟನ್ನು ಮೇಲೇರಿಸುತ್ತದೆ, ಅದರಿಂದ ಆ ಪಿನ್ನು ಇನ್ನೂ ಏರುತ್ತದೆ, ಔಟ್‌ಪುಟ್ ಮತ್ತೂ ಏರುತ್ತದೆ. ಕೊನೆಗೆ 14 ವೋಲ್ಟ್‌ನಲ್ಲಿ ಸಿಕ್ಕಿಬೀಳುತ್ತದೆ. ಆಗ ಪ್ಲಸ್ ಇನ್‌ಪುಟ್‌ನಲ್ಲಿ 2.18 ವೋಲ್ಟ್, ಗ್ರೌಂಡಿನಲ್ಲಿರುವ ಇನ್ನೊಂದರಲ್ಲಿ ಸೊನ್ನೆ. ವರ್ಚುಯಲ್ ಶಾರ್ಟ್ ಆಪ್-ಆಂಪಿನ ಹುಟ್ಟುಗುಣ ಎಂದು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ. ಅದು ಸರ್ಕ್ಯೂಟಿನ ಗುಣ.

ತಂತಿಗಳೆಲ್ಲ ಸರಿಯಿದ್ದರೂ ಅದು ಕೈಕೊಡುವುದುಂಟು. ಪ್ಲಸ್-ಮೈನಸ್ 15 ವೋಲ್ಟ್ ಸಪ್ಲೈ ಇರುವಾಗ ಇನ್‌ಪುಟ್‌ಗೆ 2 ವೋಲ್ಟ್ ಕೊಟ್ಟರೆ ಔಟ್‌ಪುಟ್ ಮೈನಸ್ 20ಕ್ಕೆ ಹೋಗಬೇಕಿತ್ತು, ಆದರೆ ಸುಮಾರು ಮೈನಸ್ 14ಕ್ಕೇ ನಿಲ್ಲುತ್ತದೆ. 2ನೇ ಪಿನ್ನಿನಲ್ಲಿ ಅರ್ಧ ವೋಲ್ಟ್‌ಗಿಂತ ಹೆಚ್ಚು ಉಳಿದುಬಿಡುತ್ತದೆ. ಅದನ್ನು ಎಳೆದು ತರಲು ಔಟ್‌ಪುಟ್ಟಿಗೆ ಜಾಗವಿಲ್ಲ. ಆವರ್ತನ ಏರಿದಾಗಲೂ ಹಿಡಿತ ಸಡಿಲವಾಗುತ್ತದೆ. 2 ಲಕ್ಷದ ಗೇನ್ ಕೆಲವೇ ಹರ್ಟ್ಸ್‌ವರೆಗೆ ಮಾತ್ರ, 10 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 100. ಅಲ್ಲಿ 1 ವೋಲ್ಟ್ ಔಟ್‌ಪುಟ್‌ಗೆ 10 ಮಿಲಿವೋಲ್ಟ್ ಅಂತರ ಬೇಕು, ಅದು ಆಸಿಲೋಸ್ಕೋಪಿನಲ್ಲಿ ಕಣ್ಣಿಗೇ ಕಾಣುತ್ತದೆ.

ಆದ್ದರಿಂದ ಔಟ್‌ಪುಟ್ ಮೇಲೆ ಅನುಮಾನ ಬಂದಾಗ ಲೆಕ್ಕವನ್ನು ತಿದ್ದಲು ಕೂರುವ ಮೊದಲು ಮೀಟರಿನ ಮೊನೆಗಳನ್ನು 2 ಮತ್ತು 3ನೇ ಪಿನ್ನುಗಳಿಗೆ ತಾಗಿಸಿ. ಡಿಸಿ ಸರ್ಕ್ಯೂಟಿನಲ್ಲಿ ಕೆಲವು ಮಿಲಿವೋಲ್ಟ್‌ಗಿಂತ ಹೆಚ್ಚು ಕಂಡರೆ ಔಟ್‌ಪುಟ್ ಅಂಚಿಗೆ ಹೋಗಿದೆಯೇ, ಫೀಡ್‌ಬ್ಯಾಕ್ ರೆಸಿಸ್ಟರ್‌ನ ಕಾಲು ಬ್ರೆಡ್‌ಬೋರ್ಡಿನಿಂದ ಕಿತ್ತುಬಂದಿದೆಯೇ, ಪಿನ್ನುಗಳು ಅದಲುಬದಲಾಗಿವೆಯೇ ಎಂದು ನೋಡಿ.