ದಾಸರ ಪದಕ್ಕೆ ಹಕ್ಕಿಲ್ಲ, ಧ್ವನಿಮುದ್ರಣಕ್ಕೆ ಇದೆ

ಹಂಪಿಯ ಬಗ್ಗೆ ವಿಡಿಯೊ ಮಾಡಿ, ಜಾಹೀರಾತಿನ ಆದಾಯ ಬರುವ ಯೂಟ್ಯೂಬ್ ಚಾನೆಲ್‌ಗೆ ಹಾಕುತ್ತೀರಿ ಎನ್ನೋಣ. ಹಿನ್ನೆಲೆಗೆ ಪುರಂದರದಾಸರ ಒಂದು ಕೀರ್ತನೆ. ದಾಸರು 16ನೇ ಶತಮಾನದವರು. ಆ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ಆದರೆ ನೀವು ಬಳಸಿದ್ದು 1990ರಲ್ಲಿ ಬಿಡುಗಡೆಯಾದ ಕ್ಯಾಸೆಟ್ಟಿನ ಹಾಡಾದರೆ ಮಾತೇ ಬೇರೆ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಂದರೆ 2050ರ ಕೊನೆಯವರೆಗೆ ಇರುತ್ತದೆ. ಈಚಿನವರು ಹಾಕಿದ ಹೊಸ ರಾಗಸಂಯೋಜನೆಗೂ ಪ್ರತ್ಯೇಕ ಹಕ್ಕಿರಬಹುದು.

ಯೂಟ್ಯೂಬಿನ ‘ಕಂಟೆಂಟ್ ಐಡಿ’ ವ್ಯವಸ್ಥೆ ಆ ಮುದ್ರಣವನ್ನು ಗುರುತಿಸಿದರೆ, ಇಡೀ ವಿಡಿಯೊದ ಆದಾಯ ಹಕ್ಕುದಾರರಿಗೆ ಹೋಗಬಹುದು. ಕೆಲವೇ ಸೆಕೆಂಡು ಬಳಸಿದರೆ ಪರವಾಗಿಲ್ಲ ಎಂಬ ನಿಯಮ ಎಲ್ಲೂ ಇಲ್ಲ.

ಸುರಕ್ಷಿತ ದಾರಿ, ಗಾಯಕರೊಬ್ಬರಿಂದ ಸಾಂಪ್ರದಾಯಿಕ ಧಾಟಿಯಲ್ಲಿ ಹೊಸದಾಗಿ ಹಾಡಿಸಿ, ಆದಾಯ ಬರುವ ವಿಡಿಯೊದಲ್ಲಿ ಬಳಸಲು ಅವರಿಂದ ಲಿಖಿತ ಒಪ್ಪಿಗೆ ಪಡೆಯುವುದು.

ಶೀರ್ಷಿಕೆಯ ಅಕ್ಷರಕ್ಕೆ ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಸಾಕು. ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದಿರುವುದು ಬೇಡ. ಸ್ಟಾಕ್ ದೃಶ್ಯಗಳಲ್ಲಿ ‘ಎಡಿಟೋರಿಯಲ್’ ಎಂಬ ಗುರುತಿದ್ದರೆ ಅದನ್ನು ಪ್ರಾಯೋಜಕರ ಪ್ರಚಾರದ ಭಾಗಕ್ಕೆ ಬಳಸಬಾರದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ NC ಎಂದಿದ್ದರೆ ವಾಣಿಜ್ಯ ಬಳಕೆಗೆ ಅನುಮತಿಯಿಲ್ಲ.

ಪ್ರತಿಯೊಂದರ ಪರವಾನಗಿ ಪುಟವನ್ನೂ ರಸೀದಿಯನ್ನೂ ಡೌನ್‌ಲೋಡ್ ಮಾಡಿದ ದಿನವೇ ಉಳಿಸಿಡಿ. ತಕರಾರು ಬಂದಾಗ ತೋರಿಸಬೇಕಾದ ದಾಖಲೆ ಅದೇ.