ಒಂದು ವಾಕ್ಯ ಸೇರಿಸಿದರೆ ಆರು ಸ್ಲೈಡು ಎರಡಾಗುತ್ತವೆ, ಯಾಕೆ?

ವಿಜ್ಞಾನ ಪ್ರದರ್ಶನಕ್ಕೆ ‘ನಮ್ಮ ಜತ್ತ ತಾಲೂಕಿನ ನೀರು’ ಅಂತ ವಿಷಯ ತಗೊಂಡಿದ್ದೀರಿ ಅನ್ನೋಣ. ಒಂದೊಂದೇ ಸ್ಲೈಡ್ ತೆರೆದು, ಡಬ್ಬಿ ಎಳೆದು, ಅಕ್ಷರ ದೊಡ್ಡದು ಮಾಡುತ್ತ ಕೂತರೆ ಅರ್ಧ ದಿನ ಹೋಗುತ್ತದೆ. ಅದರ ಬದಲು ನೋಟ್‌ಪ್ಯಾಡಿನಲ್ಲಿ ವಿಷಯದ ಹಂದರ ಮಾತ್ರ ಬರೆದು, ಸ್ಲೈಡ್ ಮಾಡುವ ಕೆಲಸ ಕಂಪ್ಯೂಟರಿಗೆ ಬಿಡಬಹುದು. ಹೀಗೆ ಬರೆಯುವ ರೀತಿಗೆ ಮಾರ್ಕ್‌ಡೌನ್ ಅಂತಾರೆ. 2004ರಲ್ಲಿ ಜಾನ್ ಗ್ರೂಬರ್ ಇದನ್ನು ಹೊರತಂದರು. ಅದನ್ನು ಸ್ಲೈಡಾಗಿಸುವ ಉಚಿತ ತಂತ್ರಾಂಶ ಪ್ಯಾಂಡಾಕ್. ಇದನ್ನು ಬರೆದ ಜಾನ್ ಮ್ಯಾಕ್‌ಫಾರ್ಲೇನ್ ಕಂಪ್ಯೂಟರ್ ಎಂಜಿನಿಯರ್ ಅಲ್ಲ, ತತ್ವಶಾಸ್ತ್ರದ ಪ್ರಾಧ್ಯಾಪಕರು!

ನಮ್ಮ ಹಂದರ ಹೀಗಿದೆ:

```
# ಮಳೆ ಮತ್ತು ಬರ

## ಮಳೆ ಏಕೆ ಕಡಿಮೆ
- ನಾವು ಸಹ್ಯಾದ್ರಿಯ ಪೂರ್ವಕ್ಕಿದ್ದೇವೆ
- ಮೋಡದ ನೀರು ಪಶ್ಚಿಮದಲ್ಲೇ ಸುರಿಯುತ್ತದೆ

## ಅಂತರ್ಜಲ
- ಬೋರ್‌ವೆಲ್ ಮತ್ತು ಬಾವಿ

# ನೀರು ತರುವ ದಾರಿ

## ಮ್ಹೈಸಾಳ ಯೋಜನೆ
- ಕೃಷ್ಣಾ ನೀರನ್ನು ಪಂಪಿನಿಂದ ಎತ್ತುತ್ತಾರೆ

## ಹನಿ ನೀರಾವರಿ
- ದಾಳಿಂಬೆ ಮತ್ತು ದ್ರಾಕ್ಷಿ ತೋಟ
```

ಇದನ್ನು `niru.md` ಎಂದು ಉಳಿಸಿ, ಅದೇ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಒಂದು ಸಾಲು ಕೊಡಿ:

```
pandoc niru.md -o niru.pptx
```

ಆರು ಸ್ಲೈಡು ಬರುತ್ತವೆ. ಒಂದು `#` ಇರುವ ಎರಡು ಸಾಲುಗಳು ಭಾಗದ ಹೆಸರು ಮಾತ್ರ ಇರುವ ಸ್ಲೈಡಾಗುತ್ತವೆ. `##` ಇರುವ ನಾಲ್ಕು ಸಾಲುಗಳು ನಾಲ್ಕು ಸ್ಲೈಡುಗಳ ತಲೆಬರಹ. ಅಡ್ಡಗೆರೆಯಿಂದ ಶುರುವಾದ ಸಾಲುಗಳು ಅವುಗಳ ಕೆಳಗಿನ ಚುಕ್ಕೆ ಸಾಲುಗಳು. ಇಲ್ಲಿಯವರೆಗೆ ಸುಲಭ.

ಈಗ ಮೊದಲ `#` ಸಾಲಿನ ಕೆಳಗೆ, `##` ಬರುವ ಮುಂಚೆ, ‘ನಮ್ಮದು ಬರಪೀಡಿತ ತಾಲೂಕು’ ಅಂತ ಒಂದೇ ಒಂದು ವಾಕ್ಯ ಸೇರಿಸಿ ಮತ್ತೆ ಅದೇ ಕಮಾಂಡ್ ಕೊಡಿ. ಆರು ಸ್ಲೈಡು ಇದ್ದದ್ದು ಎರಡೇ ಆಗುತ್ತವೆ! ಮಳೆ, ಅಂತರ್ಜಲ ಎಲ್ಲ ಒಂದೇ ಸ್ಲೈಡಿನಲ್ಲಿ ತುಂಬಿಕೊಂಡಿರುತ್ತವೆ. ಪ್ರದರ್ಶನದ ಹಿಂದಿನ ರಾತ್ರಿ ಹೀಗಾದರೆ ಎದೆ ಧಸಕ್ ಅನ್ನೋದು ಖಂಡಿತ. ಆದರೆ ಇದು ಕಂಪ್ಯೂಟರಿನ ಹುಚ್ಚಾಟ ಅಲ್ಲ, ಅದು ತನ್ನ ನಿಯಮ ಪಾಲಿಸಿದೆ ಅಷ್ಟೇ.

`#` ಸ್ಲೈಡು, `##` ಚುಕ್ಕೆ ಅಂತ ಪ್ಯಾಂಡಾಕಿನಲ್ಲಿ ಮೊದಲೇ ಗೊತ್ತುಮಾಡಿಲ್ಲ. ಅದು ಇಡೀ ಕಡತ ಓದಿ, ಯಾವ ಹಂತದ ತಲೆಬರಹ ಸ್ಲೈಡ್ ಆಗಬೇಕು ಅಂತ ತಾನೇ ತೀರ್ಮಾನಿಸುತ್ತದೆ. ಅದು ಹುಡುಕುವುದು, ಕೆಳಗೆ ಇನ್ನೊಂದು ತಲೆಬರಹ ಬಾರದೆ ನೇರವಾಗಿ ವಿಷಯವೇ ಬಂದಿರುವ ತಲೆಬರಹಗಳನ್ನು. ಅಂಥವುಗಳಲ್ಲಿ ಎಲ್ಲಕ್ಕಿಂತ ಮೇಲಿನ ಹಂತ ಯಾವುದೋ ಅದೇ ‘ಸ್ಲೈಡ್ ಹಂತ’. ನಮ್ಮ ಮೊದಲ ಹಂದರದಲ್ಲಿ `#` ಆದ ತಕ್ಷಣ ಎರಡೂ ಕಡೆ `##` ಬಂದಿತ್ತು. ವಿಷಯ ಇದ್ದದ್ದು `##` ಕೆಳಗೆ ಮಾತ್ರ. ಹಾಗಾಗಿ ಎರಡನೇ ಹಂತ ಸ್ಲೈಡ್ ಆಯಿತು. ವಾಕ್ಯ ಸೇರಿಸಿದ ಮೇಲೆ `#` ಕೆಳಗೂ ವಿಷಯ ಬಂತು. ಒಂದು ಕಡೆ ಬಂದರೂ ಸಾಕು, ಮೊದಲ ಹಂತವೇ ಸ್ಲೈಡ್ ಆಗಿ, `##` ಎಲ್ಲವೂ ಸ್ಲೈಡಿನೊಳಗಿನ ಸಣ್ಣ ತಲೆಬರಹಗಳಾಗಿ ಇಳಿದುಬಿಟ್ಟವು. ಎರಡನೇ ಭಾಗವನ್ನು ನೀವು ಮುಟ್ಟದಿದ್ದರೂ ಅದೂ ಬದಲಾದದ್ದು ಇದಕ್ಕೇ.

ಪರಿಹಾರ ಸರಳ. ಆ ಒಂಟಿ ವಾಕ್ಯಕ್ಕೂ ಒಂದು ತಲೆಬರಹ ಕೊಡಿ:

```
# ಮಳೆ ಮತ್ತು ಬರ

## ಪರಿಚಯ
ನಮ್ಮದು ಬರಪೀಡಿತ ತಾಲೂಕು.
```

ಈಗ ಏಳು ಸ್ಲೈಡು ಬರುತ್ತವೆ. ಹಂತವನ್ನು ನೀವೇ ಗಟ್ಟಿಯಾಗಿ ಹೇಳಬೇಕೆಂದರೆ ಕಮಾಂಡಿನ ಕೊನೆಗೆ `--slide-level=2` ಸೇರಿಸಬಹುದು. ಆದರೆ ನನ್ನನ್ನು ಕೇಳಿದರೆ ಹಂದರ ಸರಿ ಮಾಡುವುದೇ ಒಳ್ಳೆಯದು. ಶೀರ್ಷಿಕೆ ಇಲ್ಲದ ವಾಕ್ಯ ನೋಡುವವರಿಗೂ ಗೊಂದಲವೇ. ಕಮಾಂಡ್ ಕೊಡುವ ಮುಂಚೆ `#` ಮತ್ತು `##` ಸಾಲುಗಳನ್ನು ಎಣಿಸಿಡಿ. ಈ ರೀತಿಯ ಹಂದರದಲ್ಲಿ ಸ್ಲೈಡುಗಳ ಸಂಖ್ಯೆ ಆ ಎಣಿಕೆಗೆ ಸರಿಹೊಂದದಿದ್ದರೆ ಎಲ್ಲೋ ಹಂತ ಜಾರಿದೆ ಅಂತ ತಿಳಿಯಿರಿ.

ಇನ್ನೊಂದು ಸೂಚನೆ ಸ್ಲೈಡಿನ ಮೇಲೇ ಕಾಣುತ್ತದೆ. `##` ಗುರುತೇ ಪರದೆ ಮೇಲೆ ಅಕ್ಷರವಾಗಿ ಬಂದಿದ್ದರೆ, ಅದರ ನಂತರ ಒಂದು ಸ್ಪೇಸ್ ಬಿಟ್ಟಿಲ್ಲ, ಇಲ್ಲವೇ ಮೇಲೆ ಒಂದು ಖಾಲಿ ಸಾಲು ಬಿಟ್ಟಿಲ್ಲ. ಪ್ಯಾಂಡಾಕ್ ಎರಡನ್ನೂ ಕೇಳುತ್ತದೆ.

ಕನ್ನಡದವರಿಗೆ ಇನ್ನೊಂದು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ಇಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ, ಯಾಕಂದ್ರೆ `.md` ಕಡತದಲ್ಲಿ ಫಾಂಟ್ ಅನ್ನೋದೇ ಇರುವುದಿಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಉಳಿಸುವಾಗ `UTF-8` ಆರಿಸಿಕೊಳ್ಳಿ.

ಒಂದು ಸ್ಲೈಡಿಗೆ ಎಷ್ಟು ಸಾಲು ಹಿಡಿಸುತ್ತವೆ ಅಂತ ಮಾತ್ರ ಪ್ಯಾಂಡಾಕ್ ಎಣಿಸುವುದಿಲ್ಲ. ಹನ್ನೆರಡು ಚುಕ್ಕೆ ಸಾಲು ಬರೆದರೆ ಹನ್ನೆರಡನ್ನೂ ಒಂದೇ ಸ್ಲೈಡಿಗೆ ಹಾಕಿ, ಉಳಿದದ್ದು ಅಂಚಿನಾಚೆ ಹೋದರೂ ಸುಮ್ಮನಿರುತ್ತದೆ. ಐದಾರು ಸಾಲಾದ ಮೇಲೆ ಇನ್ನೊಂದು `##` ಹಾಕಿ, ಮುಂದಿನ ಸ್ಲೈಡಿಗೆ ಹೋಗಿ.