ಸ್ಟೆಬಿಲೈಸರ್ ಕೊಳ್ಳುವ ಮುನ್ನ ಗೋಡೆಯ ಸಾಕೆಟ್ ಅಳೆಯಿರಿ

ಹೊಸ ಫ್ರಿಜ್ಜಿನ ಬಿಲ್ಲು ಬರೆಯುವಾಗಲೇ ಅಂಗಡಿಯವರು ಕೇಳುತ್ತಾರೆ: "ಸ್ಟೆಬಿಲೈಸರ್ ಒಂದು ಹಾಕಿಬಿಡಲಾ ಸಾರ್?" ಈ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಉತ್ತರದ ಅರ್ಧ ನಿಮ್ಮ ಮನೆಯ ಸಾಕೆಟ್‌ನಲ್ಲಿದೆ, ಉಳಿದರ್ಧ ಉಪಕರಣದ ಹಿಂದೆ ಅಂಟಿಸಿದ ಚೀಟಿಯಲ್ಲಿದೆ. ಎರಡನ್ನೂ ಓದಿಕೊಂಡರೆ ಹಲವು ಮನೆಗಳಲ್ಲಿ ಆ ಖರ್ಚು ಉಳಿಯುತ್ತದೆ. ಕೆಲವು ಮನೆಗಳಿಗೆ ಮಾತ್ರ ಅದು ನಿಜಕ್ಕೂ ಬೇಕು.

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಅದರಿಂದ ನೂರಕ್ಕೆ ಹತ್ತರಷ್ಟು ಅತ್ತಿತ್ತ, ಅಂದರೆ ಸುಮಾರು 207ರಿಂದ 253ರವರೆಗೆ ಏರಿಳಿದರೆ ಸಾಮಾನ್ಯ ಉಪಕರಣಗಳಿಗೆ ತೊಂದರೆಯಿಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಬರುತ್ತಿದೆ ಎಂದು ತಿಳಿಯಲು ಸಾಕೆಟ್‌ಗೆ ಚುಚ್ಚುವ ಚಿಕ್ಕ ಡಿಜಿಟಲ್ ವೋಲ್ಟ್‌ಮೀಟರ್ ಸಾಕು. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ವಾರ ದಿನಕ್ಕೆ ಮೂರು ಹೊತ್ತು ನೋಡಿ ಬರೆದಿಡಿ: ಬೆಳಿಗ್ಗೆ, ಎಲ್ಲರ ಮನೆಯಲ್ಲೂ ದೀಪ ಉರಿಯುವ ಸಂಜೆ ಏಳರಿಂದ ಒಂಬತ್ತು, ಮತ್ತು ಊರು ಮಲಗಿದ ಮೇಲೆ. ಸಂಜೆಯ ಅಂಕಿ ಎಷ್ಟು ಕೆಳಗಿಳಿಯುತ್ತದೆ, ನಡುರಾತ್ರಿಯದು ಎಷ್ಟು ಮೇಲೇರುತ್ತದೆ ಎನ್ನುವುದೇ ಮುಖ್ಯ.

ಉದಾಹರಣೆಗೆ, ಹಳ್ಳಿಯ ಟಿ.ಸಿ.ಯಿಂದ ಹೊರಟ ಲೈನಿನ ಕಟ್ಟಕಡೆಯ ಮನೆಯೊಂದನ್ನು ಎಣಿಸಿಕೊಳ್ಳೋಣ. ಮಧ್ಯಾಹ್ನ 220 ಇದ್ದದ್ದು ಸಂಜೆ 160ಕ್ಕೆ ಇಳಿಯುತ್ತದೆ, ನಡುರಾತ್ರಿ 248ಕ್ಕೆ ಏರುತ್ತದೆ. ಮನೆಯಲ್ಲಿ ಹಳೆಯ ಮಾದರಿಯ ಫ್ರಿಜ್ಜು ಮತ್ತು ಎಲ್‌ಇಡಿ ಟಿ.ವಿ. ಇವೆ. ಒಂದೂವರೆ ಟನ್ನಿನ ಇನ್ವರ್ಟರ್ ಎ.ಸಿ. ತರುವ ಯೋಚನೆಯೂ ಇದೆ.

ಮೊದಲು ಫ್ರಿಜ್ಜು. ಹಳೆಯ ಮಾದರಿಯ ಕಂಪ್ರೆಸರಿನ ಮೋಟಾರು ನೇರ ಲೈನಿನ ಮೇಲೆಯೇ ಓಡುತ್ತದೆ. ವೋಲ್ಟೇಜ್ 230ರಿಂದ 160ಕ್ಕೆ ಇಳಿದರೆ ಅದರ ತಿರುಗುವ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮೋಟಾರು ತಿರುಗಲಾರದೆ ಗುಂಯ್‌ಗುಡುತ್ತದೆ, ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಆಗ ಒಳಗಿನ ಓವರ್‌ಲೋಡ್ ರಕ್ಷಕ 'ಟಕ್' ಎಂದು ಕಡಿದುಹಾಕುತ್ತದೆ. ಕೆಲವು ನಿಮಿಷ ಬಿಟ್ಟು ಮತ್ತೆ ಗುಂಯ್, ಮತ್ತೆ ಟಕ್. ಸಂಜೆ ಹೊತ್ತು ನಿಮ್ಮ ಫ್ರಿಜ್ಜು ಹೀಗೆ ಮಾಡುತ್ತಿದ್ದರೆ ಸ್ಟೆಬಿಲೈಸರ್ ಬೇಕೇ ಬೇಕು. ಇದು ದಿನವೂ ನಡೆದರೆ ಕಂಪ್ರೆಸರಿನ ವೈಂಡಿಂಗ್ ಸುಟ್ಟುಹೋಗುತ್ತದೆ.

ಸ್ಟೆಬಿಲೈಸರಿನೊಳಗೆ ಇರುವುದು ಹಲವು ಕವಲುಗಳ ಟ್ರಾನ್ಸ್‌ಫಾರ್ಮರ್ ಮತ್ತು ಕವಲಿನಿಂದ ಕವಲಿಗೆ ಜಿಗಿಸುವ ರಿಲೇಗಳು. ಆಗಾಗ ಕೇಳುವ 'ಕ್ಲಿಕ್' ಅದರದೇ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದು ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಕೆಲಸ ಮಾಡುತ್ತದೆ ಎನ್ನುವುದನ್ನು. ನಮ್ಮ ಮನೆಯ ಕನಿಷ್ಠ ಅಂಕಿ 160. ಮೋಟಾರು ಹೊರಡುವಾಗ ಅದು ಇನ್ನಷ್ಟು ಕುಸಿಯುವುದರಿಂದ 170ರಿಂದ ಶುರುವಾಗುವ ಮಾದರಿ ಇಲ್ಲಿ ವ್ಯರ್ಥ, 130ರಿಂದ ಶುರುವಾಗುವುದು ಸರಿ. ಸಾಮರ್ಥ್ಯ ಸಾಧಾರಣ ಫ್ರಿಜ್ಜಿಗೆ ಅರ್ಧ ಕೆವಿಎ, ದೊಡ್ಡ ಎರಡು ಬಾಗಿಲಿನದಕ್ಕೆ ಒಂದು ಕೆವಿಎ. ಕರೆಂಟು ಹೋಗಿ ಬಂದ ಕೂಡಲೇ ಕಂಪ್ರೆಸರ್ ಹೊರಡಬಾರದು, ಒಳಗಿನ ಗ್ಯಾಸಿನ ಒತ್ತಡ ಸಮವಾಗಲು ಕೆಲವು ನಿಮಿಷ ಬೇಕು. ಹಾಗಾಗಿ ಮೂರು ನಿಮಿಷ ತಡೆದು ಚಾಲೂ ಮಾಡುವ ಟೈಮ್ ಡಿಲೇ ಮತ್ತು ವೋಲ್ಟೇಜ್ ಮಿತಿ ಮೀರಿದರೆ ಪೂರ್ತಿ ಕಡಿದುಹಾಕುವ ಕಟ್ ಆಫ್ ಎರಡೂ ಇರಲಿ.

ಟಿ.ವಿ.ಯದು ಬೇರೆ ಕಥೆ. ಹಳೆಯ ಪಿಕ್ಚರ್ ಟ್ಯೂಬಿನ ಕಾಲದಲ್ಲಿ ವೋಲ್ಟೇಜ್ ಇಳಿದರೆ ಚಿತ್ರವೇ ಕುಗ್ಗುತ್ತಿತ್ತು, ಆದ್ದರಿಂದ ಟಿ.ವಿ. ಜೊತೆಗೊಂದು ಸ್ಟೆಬಿಲೈಸರ್ ಇರುತ್ತಿತ್ತು. ಆ ರೂಢಿ ಇನ್ನೂ ಹೋಗಿಲ್ಲ. ಈಗಿನ ಎಲ್‌ಇಡಿ ಟಿ.ವಿ.ಗಳ ಹಿಂದಿನ ಚೀಟಿಯಲ್ಲಿ ಸಾಮಾನ್ಯವಾಗಿ 100–240 ವೋಲ್ಟ್ ಎಂದಿರುತ್ತದೆ. 160ಕ್ಕೆ ಇಳಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಅಪಾಯ ಮೇಲಿನಿಂದ. ರಾತ್ರಿ ನಿಮ್ಮ ಅಂಕಿ ಪದೇಪದೇ 260 ದಾಟುತ್ತಿದ್ದರೆ ಹೆಚ್ಚಾದಾಗ ಕಡಿದುಹಾಕುವ ರಕ್ಷಣೆ ಬೇಕು, ಇಲ್ಲವಾದರೆ ಏನೂ ಬೇಡ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಸ್ಟೆಬಿಲೈಸರನ್ನು ನಂಬಬೇಡಿ, ಸಿಡಿಲಿನ ಹೊಡೆತ ರಿಲೇಗಿಂತ ಬಹಳ ವೇಗ. ಪ್ಲಗ್ಗನ್ನೂ ಡಿಶ್ ಅಥವಾ ಕೇಬಲ್ ವೈರನ್ನೂ ಕಿತ್ತಿಡುವುದೇ ಸರಿ.

ಎ.ಸಿ.ಯಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮ. ಇನ್ವರ್ಟರ್ ಎ.ಸಿ.ಯ ಪೆಟ್ಟಿಗೆಯ ಮೇಲೆ ಸ್ಟೆಬಿಲೈಸರ್ ಬೇಡ ಎಂದು ದೊಡ್ಡದಾಗಿ ಬರೆದಿರುತ್ತದೆ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ವೋಲ್ಟೇಜಿನ ಮಿತಿ ಇರುತ್ತದೆ. ಅದು 145ರಿಂದ 285 ಎಂದಿಟ್ಟುಕೊಳ್ಳಿ. ನಮ್ಮ ಮನೆಯ 160 ಅದರೊಳಗೇ ಇದೆ, ಆದರೆ ಆ 160 ಎ.ಸಿ. ಇಲ್ಲದಾಗಿನ ಅಂಕಿ. ಎ.ಸಿ. ಓಡತೊಡಗಿದ ಮೇಲೆ ಲೈನು ಇನ್ನಷ್ಟು ಕುಸಿಯುತ್ತದೆ. ಎಷ್ಟೆಂದು ಊಹಿಸಲು ಸುಲಭ ಉಪಾಯವಿದೆ: ಸಂಜೆ ಹೊತ್ತಿನಲ್ಲಿ ಎರಡು ಕಿಲೋವ್ಯಾಟಿನ ಗೀಸರ್ ಹಾಕಿ ಮತ್ತೆ ಅಳೆಯಿರಿ. 160 ಇದ್ದದ್ದು 147ಕ್ಕೆ ಬಂದರೆ, ಆ ಎ.ಸಿ.ಗೆ ಸಂಜೆ ಹೊತ್ತು ನಿಂತು ನಿಂತು ಓಡುವ ಪಾಡು. ಅಲ್ಲಿ ನಾಲ್ಕು ಕೆವಿಎ ಸ್ಟೆಬಿಲೈಸರ್ ಬೇಕಾಗಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವಾರವಿಡೀ 215ರಿಂದ 240 ತೋರಿಸುವ ಮನೆಗೆ ಈ ಮೂರು ಉಪಕರಣಗಳಲ್ಲಿ ಒಂದಕ್ಕೂ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಸ್ಟೆಬಿಲೈಸರ್ ವಿದ್ಯುತ್ತನ್ನು ಸೃಷ್ಟಿಸುವುದಿಲ್ಲ. ಒಳಗೆ 150 ಬಂದರೆ ಹೊರಗೆ 220 ಕೊಡಲು ಅದು ಲೈನಿನಿಂದ ಅಷ್ಟೇ ಪಾಲು ಹೆಚ್ಚು ಕರೆಂಟು ಎಳೆಯುತ್ತದೆ. 230 ವೋಲ್ಟಿನಲ್ಲಿ ಎಂಟು ಆಂಪಿಯರ್ ಎಳೆಯುವ ಎ.ಸಿ.ಗೆ ಆಗ ಗೋಡೆಯ ವೈರು ಹನ್ನೆರಡು ಆಂಪಿಯರ್ ಹೊರಬೇಕು. ವೈರು ಸಣ್ಣದಿದ್ದರೆ ಬಿಸಿಯಾಗುತ್ತದೆ, ವೋಲ್ಟೇಜ್ ಮತ್ತಷ್ಟು ಇಳಿಯುತ್ತದೆ. ಜೊತೆಗೆ ಸ್ಟೆಬಿಲೈಸರ್ ತಾನೂ ವಿದ್ಯುತ್ ತಿನ್ನುತ್ತದೆ. ಹತ್ತು ವ್ಯಾಟಿನಂತೆ ಇಪ್ಪತ್ನಾಲ್ಕು ಗಂಟೆ ಲೆಕ್ಕ ಹಾಕಿದರೆ ತಿಂಗಳಿಗೆ ಏಳು ಯೂನಿಟ್. ಬೇಡದ ಮನೆಯಲ್ಲಿ ಅದು ದಂಡ.

ಆದ್ದರಿಂದ ಮೊದಲು ದೋಷ ಎಲ್ಲಿದೆ ಎಂದು ನೋಡಿ. ಮೇನ್ ಬೋರ್ಡಿನಲ್ಲಿ 225 ಇದ್ದು, ಗೀಸರ್ ಹಾಕಿದಾಗ ಕೋಣೆಯ ಸಾಕೆಟ್‌ನಲ್ಲಿ ಮಾತ್ರ 200ಕ್ಕೆ ಬಿದ್ದರೆ ಮನೆಯ ವೈರಿಂಗಿನದೇ ತಪ್ಪು. ಸಣ್ಣ ವೈರೋ ಸಡಿಲ ಜೋಡಣೆಯೋ ಇರಬೇಕು. ದುರಸ್ತಿಯಾಗಬೇಕಾದದ್ದು ಅದು. ಇನ್ನು ಮನೆಯಲ್ಲಿ ಕೆಲವು ದೀಪ ಮಂಕಾಗಿ, ಕೆಲವು ಅತಿಯಾಗಿ ಬೆಳಗಿದರೆ ಅದು ನ್ಯೂಟ್ರಲ್ ಸಡಿಲವಾದ ಲಕ್ಷಣ. ಮೂರು ಫೇಸಿನ ಸಂಪರ್ಕದಲ್ಲಿ ಹೀಗಾದರೆ ಸಾಕೆಟ್‌ಗೆ ಸುಮಾರು 400 ವೋಲ್ಟ್‌ವರೆಗೆ ಬರಬಹುದು, ಸ್ಟೆಬಿಲೈಸರೂ ಉಳಿಯುವುದಿಲ್ಲ. ತಕ್ಷಣ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಮೀಟರಿನ ಬಳಿಯೇ ಸಂಜೆ 160 ಬರುತ್ತಿದ್ದರೆ ದೋಷ ಲೈನಿನದು ಅಥವಾ ಟಿ.ಸಿ.ಯದು. ಬರೆದಿಟ್ಟ ವಾರದ ಅಂಕಿಗಳೊಂದಿಗೆ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಸರಿಯಾದ ಮಿತಿಯೊಳಗೆ ವೋಲ್ಟೇಜ್ ಒದಗಿಸಬೇಕಾದದ್ದು ವಿದ್ಯುತ್ ಕಂಪನಿ. ಅದು ಸರಿಯಾಗುವವರೆಗೆ ಹಳೆಯ ಫ್ರಿಜ್ಜಿಗೊಂದು ಅರ್ಧ ಕೆವಿಎ ಸ್ಟೆಬಿಲೈಸರ್ ಹಾಕಿಕೊಳ್ಳಿ, ಟಿ.ವಿ.ಗೆ ಬಿಟ್ಟುಬಿಡಿ, ಎ.ಸಿ.ಗೆ ಮಾತ್ರ ಗೀಸರ್ ಹಾಕಿ ಅಳೆದ ಮೇಲೆ ತೀರ್ಮಾನಿಸಿ.